ಪಿನ್ ಮಾಡಿದ ಕಾಮೆಂಟ್ ಕೆಲಸ ಮಾಡ್ತಿಲ್ವಾ? ಲಿಂಕ್ ಮತ್ತು ಕೀವರ್ಡ್ ತೊಂದರೆ ಹುಡುಕುವ ಬಗೆ

ಯೂಟ್ಯೂಬ್‌ನಲ್ಲಿ ಕನ್ನಡ ಚಾನೆಲ್ ನಡೆಸುವವರಿಗೆ ಜಾಗದ ತೊಂದರೆ ಸ್ವಲ್ಪ ಜಾಸ್ತಿಯೇ. ಶೀರ್ಷಿಕೆಗೆ 100 ಅಕ್ಷರ, ಡಿಸ್ಕ್ರಿಪ್ಷನ್‌ಗೆ 5000, ಟ್ಯಾಗ್‌ಗೆ 500. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದು ಧಾರಾಳ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಬೋರ್ಡೋ’ ಅಂದರೆ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ ಆರು. ಹಾಗಾಗಿ ಶೀರ್ಷಿಕೆ ಬೇಗ ತುಂಬುತ್ತದೆ, ಉಳಿದ ಕೀವರ್ಡ್, ಲಿಂಕ್ ಎಲ್ಲವನ್ನೂ ಒಂದು ಕಾಮೆಂಟಿನಲ್ಲಿ ಹಾಕಿ ಪಿನ್ ಮಾಡಿಬಿಡೋಣ ಅಂತ ಅನ್ನಿಸುತ್ತದೆ.

ಆಮೇಲೆ ಶುರುವಾಗುತ್ತವೆ ದೂರುಗಳು. ಲಿಂಕ್ ತೆರೆಯುತ್ತಿಲ್ಲ, ಕಾಮೆಂಟೇ ಕಾಣುತ್ತಿಲ್ಲ, ಇಷ್ಟೆಲ್ಲ ಕೀವರ್ಡ್ ಹಾಕಿದರೂ ಹುಡುಕಿದಾಗ ವಿಡಿಯೋ ಬರುತ್ತಿಲ್ಲ. ಇವೆಲ್ಲ ಒಂದೇ ತೊಂದರೆಯಲ್ಲ, ಒಂದೊಂದರ ಕಾರಣ ಬೇರೆ. ಸುಲಭವಾದ್ದನ್ನು ಮೊದಲು ನೋಡಿ ಕಷ್ಟದ್ದನ್ನು ಆಮೇಲೆ ನೋಡುವ ಹಾಗೆ ಜೋಡಿಸಿದ್ದೇನೆ. ನಿಮ್ಮ ತೊಂದರೆ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು.

ಉದಾಹರಣೆಗೆ ಎಲ್ಲ ಕಡೆ ಒಂದೇ ವಿಡಿಯೋ ಇಟ್ಟುಕೊಳ್ಳೋಣ. ಮಲೆನಾಡಿನ ಒಂದು ಅಡಿಕೆ ಚಾನೆಲ್ ಅಂದುಕೊಳ್ಳಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದನ್ನು ತೋರಿಸುವ ವಿಡಿಯೋ. ಪಿನ್ ಮಾಡಿದ ಕಾಮೆಂಟಿನಲ್ಲಿ ಅಳತೆ ಪಟ್ಟಿಯ ಪಿಡಿಎಫ್ ಲಿಂಕ್, ಇನ್ನೊಂದು ವಿಡಿಯೋದ ಲಿಂಕ್, ಅದರ ಕೆಳಗೆ ಒಂದು ರಾಶಿ ಕೀವರ್ಡ್.

‘ಪಿನ್’ ಅನ್ನೋ ಆಯ್ಕೆಯೇ ಬರ್ತಿಲ್ಲ

ಮೊದಲು ನೋಡಬೇಕಾದ್ದು ನೀವು ಯಾವ ಖಾತೆಯಲ್ಲಿದ್ದೀರಿ ಅನ್ನೋದು. ಇದಕ್ಕೆ ಖರ್ಚೂ ಇಲ್ಲ, ಸಮಯವೂ ಬೇಡ. ಒಂದೇ ಮೊಬೈಲಿನಲ್ಲಿ ಸ್ವಂತ ಜಿಮೇಲ್ ಇರುತ್ತದೆ, ಚಾನೆಲ್ ಬೇರೆ ಹೆಸರಿನಲ್ಲಿರುತ್ತದೆ, ಮನೆಯವರ ಖಾತೆಯೂ ಅದರಲ್ಲೇ ಇರುತ್ತದೆ. ಆ್ಯಪ್ ತೆರೆದಾಗ ಮೇಲೆ ಅಥವಾ ಕೆಳಗಿನ ಮೂಲೆಯಲ್ಲಿ ಕಾಣುವ ಚಿತ್ರ ಚಾನೆಲ್‌ನದ್ದೇ ಅಲ್ವಾ ಅಂತ ನೋಡಿ. ಬೇರೆ ಖಾತೆಯಿಂದ ಕಾಮೆಂಟ್ ಹಾಕಿದ್ದರೆ ನೀವು ಆ ವಿಡಿಯೋಗೆ ಬರೀ ಒಬ್ಬ ನೋಡುಗ. ಪಿನ್ ಮಾಡುವ ಹಕ್ಕು ಇರುವುದಿಲ್ಲ.

ಖಾತೆ ಸರಿಯಿದ್ದೂ ಬರದಿದ್ದರೆ ವಿಡಿಯೋದ ಕಾಮೆಂಟ್ ವಿಭಾಗ ತೆರೆದಿದೆಯಾ ನೋಡಿ. ಅಪ್‌ಲೋಡ್ ಮಾಡುವಾಗ ‘ಮಕ್ಕಳಿಗಾಗಿ ಮಾಡಿದ್ದು’ ಅಂತ ಗುರುತು ಹಾಕಿದ್ದರೆ ಕಾಮೆಂಟುಗಳೇ ಇರುವುದಿಲ್ಲ, ಹಾಗಾಗಿ ಪಿನ್ ಕೂಡ ಇಲ್ಲ. ತೋಟದ ವಿಡಿಯೋಗೆ ಯಾರೂ ಬೇಕೆಂದು ಆ ಗುರುತು ಹಾಕುವುದಿಲ್ಲ, ಆದರೆ ಚಾನೆಲ್‌ಗೆಲ್ಲ ಒಟ್ಟಿಗೆ ಒಂದು ಆಯ್ಕೆ ಒತ್ತಿಬಿಟ್ಟು ಮರೆತವರು ಇದ್ದಾರೆ. ಪದ್ಯ, ಕಥೆ ಹೇಳುವ ಚಾನೆಲ್ ಆಗಿದ್ದು ನಿಜವಾಗಿಯೂ ಮಕ್ಕಳಿಗಾಗಿಯೇ ಮಾಡಿದ್ದಾದರೆ ಮಾತ್ರ ಈ ಗುರುತನ್ನು ತೆಗೆಯಬೇಡಿ. ಪಿನ್ ಆಸೆಗೆ ಸುಳ್ಳು ಗುರುತು ಹಾಕಿದರೆ ಅದು ಬೇರೆಯದೇ ತಲೆನೋವಾಗುತ್ತದೆ.

ಮೂರನೆಯದು ಚಾನೆಲ್ ಹೊಸದಾಗಿದ್ದಾಗ. ಕಾಮೆಂಟ್ ಪಿನ್ ಮಾಡುವುದು, ಡಿಸ್ಕ್ರಿಪ್ಷನ್‌ನಲ್ಲಿ ಹೊರಗಿನ ಲಿಂಕ್ ಒತ್ತುವಂತೆ ಮಾಡುವುದು ಇವೆಲ್ಲ ಸುಧಾರಿತ ಸೌಲಭ್ಯಗಳ ಪಟ್ಟಿಯಲ್ಲಿವೆ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೋ ತೆರೆದು ಸೆಟ್ಟಿಂಗ್ಸ್, ಅದರಲ್ಲಿ ಚಾನೆಲ್, ಅದರಲ್ಲಿ Feature eligibility ಅನ್ನೋ ಕಡೆ ಹೋಗಿ. ಅಲ್ಲಿ ಮೂರು ಹಂತ ಕಾಣುತ್ತವೆ. ಮೂರನೆಯದು ತೆರೆದಿಲ್ಲ ಅಂದರೆ ಮೊದಲು ಫೋನ್ ನಂಬರ್ ದೃಢಪಡಿಸಬೇಕು, ಆಮೇಲೆ ಗುರುತಿನ ಚೀಟಿ ಅಥವಾ ಮುಖದ ವಿಡಿಯೋ ಕೊಡಬೇಕು. ಅದು ಬೇಡ ಅಂದರೆ ಚಾನೆಲ್ ಇತಿಹಾಸ ಬೆಳೆಯುವ ತನಕ ಕಾಯಬೇಕು. ಇದನ್ನು ಆ ಪುಟದಲ್ಲೇ ಮಾಡಿ. ‘ನಾವು ವೆರಿಫೈ ಮಾಡಿಸಿಕೊಡ್ತೇವೆ’ ಅಂತ ವಾಟ್ಸ್ಯಾಪ್‌ನಲ್ಲಿ ಬರುವವರಿಗೆ ಆಧಾರ್ ಫೋಟೋ ಕಳಿಸಬೇಡಿ.

ನನಗೆ ಕಾಣ್ತಿದೆ, ಬೇರೆಯವರಿಗೆ ಕಾಣ್ತಿಲ್ಲವಂತೆ

ನಿಮ್ಮ ಕಾಮೆಂಟ್ ನಿಮಗೆ ಕಾಣುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಬ್ರೌಸರಿನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು, ಲಾಗಿನ್ ಆಗದೆ, ಅದೇ ವಿಡಿಯೋ ನೋಡಿ. ಅಲ್ಲೂ ಕಂಡರೆ ಕಾಮೆಂಟ್ ಚೆನ್ನಾಗಿಯೇ ಇದೆ, ದೂರು ಹೇಳಿದವರು ಬೇರೆ ಕಡೆ ನೋಡುತ್ತಿದ್ದಾರೆ ಅಂತ ಅರ್ಥ. ಟಿವಿಯಲ್ಲಿ ನೋಡುವವರು, ಫುಲ್ ಸ್ಕ್ರೀನ್ ಬಿಟ್ಟು ಹೊರಗೆ ಬರದವರು, ವಾಟ್ಸ್ಯಾಪ್‌ನಲ್ಲಿ ಯಾರೋ ಕಳಿಸಿದ ತುಣುಕು ನೋಡಿದವರು, ಇವರ ಕಣ್ಣಿಗೆ ನಿಮ್ಮ ಪಿನ್ ಸಾಮಾನ್ಯವಾಗಿ ಬೀಳುವುದಿಲ್ಲ.

ಇನ್‌ಕಾಗ್ನಿಟೋದಲ್ಲೂ ಕಾಣದಿದ್ದರೆ ಸ್ಟುಡಿಯೋದ ಕಾಮೆಂಟ್ ವಿಭಾಗದಲ್ಲಿ Held for review ಅನ್ನುವ ಪಟ್ಟಿ ನೋಡಿ. ಚಾನೆಲ್‌ನಿಂದಲೇ ಹಾಕಿದ ಕಾಮೆಂಟಿಗೆ ನಿಮ್ಮದೇ ‘ಲಿಂಕ್ ತಡೆ’ ಸೆಟ್ಟಿಂಗ್ ಅಡ್ಡ ಬರುವುದಿಲ್ಲ. ಆದರೆ ಚಾನೆಲ್ ನೋಡಿಕೊಳ್ಳುವ ತಮ್ಮನೋ ಗೆಳೆಯನೋ ತನ್ನ ಖಾತೆಯಿಂದ ಲಿಂಕ್ ಹಾಕಿದ್ದರೆ ಅದು ಇಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಈ ಪಟ್ಟಿಯಲ್ಲಿ ಕಾಮೆಂಟುಗಳು 60 ದಿನ ಮಾತ್ರ ಉಳಿಯುತ್ತವೆ. ಒಪ್ಪಿಗೆ ಕೊಡಿ, ಇಲ್ಲವೇ ಚಾನೆಲ್ ಹೆಸರಿನಿಂದಲೇ ಹೊಸದಾಗಿ ಬರೆಯಿರಿ. ನನ್ನ ಪ್ರಕಾರ ಎರಡನೆಯದೇ ವಾಸಿ. ಬೇರೆಯವರ ಕಾಮೆಂಟನ್ನು ಪಿನ್ ಮಾಡಿದರೆ ಅದನ್ನು ತಿದ್ದುವುದು ನಿಮ್ಮ ಕೈಯಲ್ಲಿರುವುದಿಲ್ಲ, ಅವರು ಅಳಿಸಿದರೆ ಪಿನ್ನೂ ಹೋಯಿತು.

ನಿನ್ನೆ ಇತ್ತು, ಇವತ್ತು ಇಲ್ಲ ಅನ್ನುವುದಾದರೆ ಬೇರೆ ಯಾರಾದರೂ ಇನ್ನೊಂದನ್ನು ಪಿನ್ ಮಾಡಿದ್ದಾರಾ ಕೇಳಿ. ಒಂದು ವಿಡಿಯೋಗೆ ಒಂದೇ ಪಿನ್. ಹೊಸದು ಬಂದರೆ ಹಳೆಯದು ಹೇಳದೆ ಕೇಳದೆ ಕೆಳಗಿಳಿಯುತ್ತದೆ. ಕಾಮೆಂಟನ್ನು ತಿದ್ದಿದ ಮೇಲೂ ಪಿನ್ ಗುರುತು ಹಾಗೇ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಲಿಂಕ್ ಇದೆ, ಆದರೆ ಒತ್ತಿದರೆ ಏನೂ ಆಗ್ತಿಲ್ಲ

ಇದು ಶಾರ್ಟ್ಸ್ ವಿಡಿಯೋನಾ? ಹೌದಾದರೆ ಇಲ್ಲಿಗೆ ಹುಡುಕಾಟ ಮುಗಿಯಿತು. 2023ರ ಆಗಸ್ಟ್ 31ರಿಂದ ಶಾರ್ಟ್ಸ್‌ನ ಕಾಮೆಂಟ್ ಮತ್ತು ಡಿಸ್ಕ್ರಿಪ್ಷನ್‌ನಲ್ಲಿ ಲಿಂಕ್ ಒತ್ತಲು ಬರುವುದಿಲ್ಲ. ಮೋಸದ ಲಿಂಕುಗಳ ಕಾಟ ತಡೆಯಲು ಯೂಟ್ಯೂಬ್ ಬೇಕೆಂದೇ ತೆಗೆದದ್ದು. ನೀವು ಮೂರು ಸಲ ಅಳಿಸಿ ಬರೆದರೂ ಅಷ್ಟೇ. ಇದಕ್ಕೆ ದಾರಿ ಏನೆಂದರೆ ಶಾರ್ಟ್ಸ್‌ಗೆ ‘ಸಂಬಂಧಿತ ವಿಡಿಯೋ’ ಜೋಡಿಸುವ ಆಯ್ಕೆ ಸ್ಟುಡಿಯೋದಲ್ಲಿದೆ, ಅಲ್ಲಿ ಪೂರ್ತಿ ವಿಡಿಯೋವನ್ನು ಜೋಡಿಸಿ, ಪಿಡಿಎಫ್ ಲಿಂಕನ್ನು ಆ ಪೂರ್ತಿ ವಿಡಿಯೋದ ಕೆಳಗೆ ಇಡಿ. ಒಂದು ಹೆಜ್ಜೆ ಜಾಸ್ತಿ ಆಗುತ್ತದೆ, ಏನು ಮಾಡೋದು.

ಮಾಮೂಲಿ ಉದ್ದದ ವಿಡಿಯೋ ಆಗಿದ್ದರೆ ಲಿಂಕ್ ನೀಲಿ ಬಣ್ಣಕ್ಕೆ ತಿರುಗಿದೆಯಾ ನೋಡಿ. ತಿರುಗಿಲ್ಲ ಅಂದರೆ ವಿಳಾಸವನ್ನು `https://` ಇಂದ ಶುರುಮಾಡಿ ಪೂರ್ತಿ ಬರೆಯಿರಿ. ಮಧ್ಯದಲ್ಲಿ ಖಾಲಿ ಜಾಗ ಬಿಟ್ಟಿದ್ದರೆ ತೆಗೆಯಿರಿ. ಇನ್ನು ‘ಡಾಟ್ ಕಾಮ್’ ಅಂತ ಕನ್ನಡದಲ್ಲಿ ಬರೆದು ಫಿಲ್ಟರ್ ತಪ್ಪಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ನಿಮ್ಮ ಸ್ವಂತ ವಿಡಿಯೋದಲ್ಲಿ ನಿಮಗ್ಯಾಕೆ ಆ ಕಳ್ಳದಾರಿ? ಅದು ನೋಡುವವರಿಗೂ ಅನುಮಾನ ತರಿಸುತ್ತದೆ.

ಲಿಂಕ್ ತೆರೆಯುತ್ತೆ, ಆದರೆ ‘ಪುಟ ಸಿಗಲಿಲ್ಲ’ ಅಥವಾ ‘ಅನುಮತಿ ಕೇಳಿ’ ಅಂತ ಬರುತ್ತೆ

ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾಗಿ ಕಾಡುವ ತೊಂದರೆ ಇದು. ಇಂಗ್ಲಿಷಿನ ಸಹಾಯ ಪುಟಗಳಲ್ಲಿ ಇದು ಸಿಗುವುದು ಕಷ್ಟ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾವು ಮಾತಾಡುವಾಗ ಹೆಸರಿಗೆ ವಿಭಕ್ತಿ ಅಂಟಿಸಿಯೇ ಮಾತಾಡುತ್ತೇವೆ. ಮನೆಯಲ್ಲಿ, ತೋಟಕ್ಕೆ, ಅಂಗಡಿಯಿಂದ. ಅದೇ ಅಭ್ಯಾಸದಲ್ಲಿ ಲಿಂಕಿಗೂ ಅಂಟಿಸಿಬಿಡುತ್ತೇವೆ:

```
https://example.com/bordo-pattiನಲ್ಲಿ ನೋಡಿ
```

ಓದುವವರಿಗೆ ಅರ್ಥವಾಗುತ್ತದೆ. ಆದರೆ ‘ನಲ್ಲಿ’ ಕೂಡ ವಿಳಾಸದ ಭಾಗವೇ ಅಂತ ಬ್ರೌಸರ್ ತಿಳಿಯಬಹುದು, ಆಗ ಇಲ್ಲದ ಪುಟವನ್ನು ಹುಡುಕಿ 404 ತೋರಿಸುತ್ತದೆ. ಲಿಂಕಿನ ಕೊನೆಗೆ ಪೂರ್ಣವಿರಾಮ, ಕಂಸ, ಉದ್ಧರಣ ಚಿಹ್ನೆ ತಗುಲಿಕೊಂಡರೂ ಇದೇ ಅಪಾಯ. ಲಿಂಕಿಗೆ ಅದರದ್ದೇ ಸಾಲು ಕೊಟ್ಟರೆ ಮುಗಿಯಿತು:

```
ಅಳತೆ ಪಟ್ಟಿ ಇಲ್ಲಿದೆ:
https://example.com/bordo-patti
```

ಕಣ್ಣಿಗೆ ಕಾಣದ ಇನ್ನೊಂದು ತರಲೆ ಇದೆ. ‘ಲಿಂಕ್‌ನಲ್ಲಿ’ ಅಂತ ಬರೆಯುವಾಗ ಕ್ ಕೆಳಗೆ ನ ಒತ್ತಾಗದೆ ಬಿಡಿಯಾಗಿ ನಿಲ್ಲಬೇಕಲ್ಲ, ಅದಕ್ಕೆ ಕನ್ನಡ ಕೀಬೋರ್ಡುಗಳು ನಡುವೆ ಅಗಲವೇ ಇಲ್ಲದ ಒಂದು ಅಕ್ಷರ ಸೇರಿಸುತ್ತವೆ. ತೆರೆಯ ಮೇಲೆ ಅದು ಕಾಣುವುದೇ ಇಲ್ಲ. ಲಿಂಕಿನ ಮುಂದೆ ಕನ್ನಡ ಬರೆದು ಅಳಿಸಿದಾಗಲೋ ಬೇರೆ ಕಡೆಯಿಂದ ಸಾಲು ಕಾಪಿ ಮಾಡಿ ತಂದಾಗಲೋ ಇದೊಂದು ಲಿಂಕಿನ ಬಾಲಕ್ಕೆ ಅಂಟಿಕೊಂಡು ಉಳಿದುಬಿಡಬಹುದು. ಪತ್ತೆ ಮಾಡುವುದು ಸುಲಭ. ಲಿಂಕ್ ಒತ್ತಿ, ತೆರೆದ ಪುಟದ ವಿಳಾಸವನ್ನು ಕಾಪಿ ಮಾಡಿ ನೋಟ್ಸ್‌ನಲ್ಲಿ ಅಂಟಿಸಿ ನೋಡಿ. ಕೊನೆಯಲ್ಲಿ ಹೀಗೇನಾದರೂ ಬಾಲ ಕಂಡರೆ ಇದೇ ಕಾರಣ:

```
https://example.com/bordo-patti%E2%80%8C
```

ಆ `%E2%80%8C` ಅನ್ನೋದೇ ಕಾಣದ ಅಕ್ಷರದ ನಿಜರೂಪ. ತಿದ್ದಲು ಹೋಗಬೇಡಿ, ಕಾಣದ್ದನ್ನು ಅಳಿಸುವುದು ಕಷ್ಟ. ಲಿಂಕನ್ನು ಪೂರ್ತಿ ಅಳಿಸಿ, ಬ್ರೌಸರಿನ ವಿಳಾಸ ಪಟ್ಟಿಯಿಂದಲೇ ಮತ್ತೆ ಕಾಪಿ ಮಾಡಿ, ಅಂಟಿಸಿದ ತಕ್ಷಣ ಎಂಟರ್ ಒತ್ತಿ. ಮುಂದಿನ ಮಾತು ಮುಂದಿನ ಸಾಲಿನಲ್ಲಿ.

‘ಅನುಮತಿ ಕೇಳಿ’ ಅಂತ ಬಂದರೆ ಅದು ಗೂಗಲ್ ಡ್ರೈವ್ ಬೀಗ. ಫೈಲ್ ನಿಮ್ಮದಾದ್ದರಿಂದ ನಿಮಗೆ ತೆರೆಯುತ್ತದೆ, ಊರಿನವರಿಗೆಲ್ಲ ಬಾಗಿಲು ಹಾಕಿರುತ್ತದೆ. ಶೇರ್ ಒತ್ತಿ, Restricted ಅಂತ ಇರುವುದನ್ನು Anyone with the link ಮಾಡಿ, ಪಕ್ಕದಲ್ಲಿ Viewer ಅಂತಲೇ ಇರಲಿ. Editor ಅಂತ ಬಿಟ್ಟರೆ ಯಾರು ಬೇಕಾದರೂ ನಿಮ್ಮ ಅಳತೆ ಪಟ್ಟಿಯನ್ನು ಬದಲಾಯಿಸಬಹುದು. ಔಷಧಿ ಪ್ರಮಾಣದ ಪಟ್ಟಿಯಲ್ಲಿ ಅದು ತಮಾಷೆಯಲ್ಲ. ಇನ್ನೊಂದು ಮಾತು, ಆ ಫೈಲ್ ಇರುವ ಇಡೀ ಫೋಲ್ಡರ್ ಶೇರ್ ಮಾಡಬೇಡಿ. ಅದರೊಳಗೆ ಪಹಣಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಇದ್ದರೆ ಅವೂ ಹೊರಗೆ ಹೋಗುತ್ತವೆ.

ಇಷ್ಟೊಂದು ಕೀವರ್ಡ್ ಹಾಕಿದೆ, ಹುಡುಕಿದರೆ ವಿಡಿಯೋ ಬರ್ತಾ ಇಲ್ಲ

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಎಲ್ಲಕ್ಕಿಂತ ಜಾಸ್ತಿ ತಪ್ಪು ಸಲಹೆ ಸಿಗುವುದೂ ಇಲ್ಲೇ.

ಹುಡುಕಾಟದಲ್ಲಿ ಯಾವುದನ್ನು ಹೊಂದಿಸಿ ನೋಡುತ್ತೇವೆ ಅಂತ ಯೂಟ್ಯೂಬ್ ತಾನೇ ಹೇಳಿಕೊಂಡಿದೆ. ಶೀರ್ಷಿಕೆ, ಟ್ಯಾಗ್, ಡಿಸ್ಕ್ರಿಪ್ಷನ್, ವಿಡಿಯೋದ ಒಳಗಿನ ವಿಷಯ. ಜೊತೆಗೆ ಜನ ಎಷ್ಟು ಹೊತ್ತು ನೋಡುತ್ತಾರೆ ಅನ್ನುವಂಥದ್ದು. ಈ ಪಟ್ಟಿಯಲ್ಲಿ ಪಿನ್ ಮಾಡಿದ ಕಾಮೆಂಟ್ ಇಲ್ಲ. ಪಿನ್ ಅನ್ನೋದು ಅಂಗಡಿಯ ಒಳಗೆ ಬಂದ ಗಿರಾಕಿ ಓದುವ ಹಲಗೆ, ರಸ್ತೆಯಲ್ಲಿ ಹೋಗುವವರನ್ನು ಕರೆಯುವ ಬೋರ್ಡಲ್ಲ. ‘ಕಾಮೆಂಟೂ ಎಸ್‌ಇಒಗೆ ಲೆಕ್ಕ’ ಅಂತ ಹೇಳುವವರು ಯಾವುದರ ಮೇಲೆ ಹೇಳುತ್ತಾರೋ ಅವರನ್ನೇ ಕೇಳಬೇಕು.

ನನ್ನ ಮಾತನ್ನೂ ಸುಮ್ನೆ ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಎಲ್ಲೂ ಇಲ್ಲದ ಎರಡು ಪದ ಹುಟ್ಟಿಸಿ, ಉದಾಹರಣೆಗೆ ‘ಗಿರ್ಗಿಟ್ಲಪಟ್ಟಿ’ ಮತ್ತು ‘ಡುಬ್ಕಿಮಟ್ಟಿ’. ಮೊದಲನೆಯದನ್ನು ಪಿನ್ ಮಾಡಿದ ಕಾಮೆಂಟಿನಲ್ಲಿ ಮಾತ್ರ ಹಾಕಿ, ಎರಡನೆಯದನ್ನು ಅದೇ ವಿಡಿಯೋದ ಡಿಸ್ಕ್ರಿಪ್ಷನ್‌ನಲ್ಲಿ ಮಾತ್ರ. ವಿಡಿಯೋದಲ್ಲಿ ಬಾಯಿಬಿಟ್ಟು ಹೇಳಬೇಡಿ. ಒಂದೆರಡು ವಾರ ಬಿಟ್ಟು ಲಾಗಿನ್ ಆಗದ ಕಿಟಕಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ. ಎರಡನೇ ಪದ ಯಾಕೆ ಬೇಕು ಅಂದರೆ, ಡಿಸ್ಕ್ರಿಪ್ಷನ್‌ನಲ್ಲಿರುವ ಪದಕ್ಕೂ ವಿಡಿಯೋ ಬರದಿದ್ದರೆ ಪರೀಕ್ಷೆಯೇ ಸರಿಯಾಗಿಲ್ಲ ಅಂತ, ಅದರಿಂದ ಏನನ್ನೂ ಹೇಳಲಾಗದು. ಡಿಸ್ಕ್ರಿಪ್ಷನ್ ಪದಕ್ಕೆ ಬಂದು ಕಾಮೆಂಟಿನ ಪದಕ್ಕೆ ಬರದಿದ್ದರೆ ಉತ್ತರ ನಿಮ್ಮ ಕಣ್ಣ ಮುಂದೆಯೇ ಇದೆ. ಪರೀಕ್ಷೆ ಮುಗಿದ ಮೇಲೆ ಆ ಪದಗಳನ್ನು ಅಳಿಸಿಬಿಡಿ, ಇಲ್ಲದಿದ್ದರೆ ಯಾರಾದರೂ ಡುಬ್ಕಿಮಟ್ಟಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ.

ಹಾಗಾದರೆ ಆ ಕೀವರ್ಡ್‌ಗಳನ್ನು ಏನು ಮಾಡೋದು? ಮೊದಲು ಅವುಗಳಲ್ಲಿ ಯಾವುದು ನಿಜವಾಗಿ ಬೇಕು ಅಂತ ನೋಡಿ. ಸ್ಟುಡಿಯೋದ ಅನಲಿಟಿಕ್ಸ್‌ನಲ್ಲಿ ನೋಡುಗರು ಎಲ್ಲಿಂದ ಬಂದರು ಅನ್ನುವ ಕಡೆ YouTube search ಒತ್ತಿದರೆ, ಜನ ಏನಂತ ಟೈಪ್ ಮಾಡಿ ನಿಮ್ಮ ವಿಡಿಯೋಗೆ ಬಂದರು ಅಂತ ಅಕ್ಷರಕ್ಕಕ್ಷರ ಕಾಣುತ್ತದೆ. ಕನ್ನಡ ಚಾನೆಲ್‌ಗಳಿಗೆ ಇದು ತುಂಬಾ ಮುಖ್ಯ, ಯಾಕೆಂದರೆ ನಮ್ಮವರು ಒಂದೇ ವಸ್ತುವನ್ನು ನಾಲ್ಕು ಥರ ಹುಡುಕುತ್ತಾರೆ. ಬೋರ್ಡೋ ವಿಡಿಯೋಗೆ `ಬೋರ್ಡೋ ದ್ರಾವಣ`, `bordo dravana`, `bordeaux mixture kannada`, `adike kole roga` ಎಲ್ಲವೂ ಬರಬಹುದು. ‘ಮೈಲುತುತ್ತ ಸುಣ್ಣ ಎಷ್ಟು’ ಅಂತ ಕೇಳುವವರೂ ಇರುತ್ತಾರೆ, ಅವರಿಗೆ ಬೋರ್ಡೋ ಅನ್ನುವ ಹೆಸರೇ ಬೇಕಿಲ್ಲ.

ಅನಲಿಟಿಕ್ಸ್‌ನಲ್ಲಿ ಕಂಡ ಪದಗಳನ್ನು ಡಿಸ್ಕ್ರಿಪ್ಷನ್‌ನ ಮೊದಲ ಎರಡು ಮೂರು ಸಾಲಿನಲ್ಲಿ ವಾಕ್ಯವಾಗಿ ಬರೆಯಿರಿ. ಹೀಗೆ:

‘ಅಡಿಕೆ ಕೊಳೆರೋಗಕ್ಕೆ 1% ಬೋರ್ಡೋ ದ್ರಾವಣ (bordo dravana) ಮಾಡುವ ಕ್ರಮ. 100 ಲೀಟರ್ ನೀರಿಗೆ ಮೈಲುತುತ್ತ ಮತ್ತು ಸುಣ್ಣ ಎಷ್ಟು ಹಾಕಬೇಕು, ಯಾವುದನ್ನು ಯಾವುದಕ್ಕೆ ಸುರಿಯಬೇಕು ಅಂತ ತೋರಿಸಿದ್ದೇವೆ.’

ನಾಲ್ಕು ಹುಡುಕಾಟದ ಪದ ಇದರಲ್ಲಿ ಬಂತು, ಓದುವವನಿಗೂ ವಿಷಯ ಗೊತ್ತಾಯಿತು. ಬರೀ ಪದಗಳನ್ನು ಕಾಮಾ ಹಾಕಿ ಉದ್ದಕ್ಕೆ ಪೇರಿಸಿದರೆ ಇದಾಗುವುದಿಲ್ಲ. ಅಲ್ಲದೆ ಡಿಸ್ಕ್ರಿಪ್ಷನ್‌ನಲ್ಲಿ ಟ್ಯಾಗ್‌ಗಳನ್ನು ವಿಪರೀತ ತುಂಬುವುದು ನಿಯಮಕ್ಕೇ ವಿರುದ್ಧ. ಹ್ಯಾಷ್‌ಟ್ಯಾಗ್ 60 ದಾಟಿದರೆ ಯೂಟ್ಯೂಬ್ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರು ಸಾಕು.

ಡಿಸ್ಕ್ರಿಪ್ಷನ್ ತುಂಬಿದೆ, ಅದಕ್ಕೇ ಪಿನ್‌ಗೆ ಹೋದೆ ಅನ್ನುವವರು ಒಮ್ಮೆ ತೆರೆದು ನೋಡಿ. ಹೆಚ್ಚಿನವರದ್ದು ಎಲ್ಲ ವಿಡಿಯೋದಲ್ಲೂ ಒಂದೇ ಥರ ಅಂಟಿಸಿದ ‘ನಮ್ಮನ್ನು ಫಾಲೋ ಮಾಡಿ’ ಪಟ್ಟಿಯಿಂದ ತುಂಬಿರುತ್ತದೆ. ಅದನ್ನು ಕೆಳಗೆ ತಳ್ಳಿ.

ಟೈಮ್‌ಸ್ಟ್ಯಾಂಪ್ ಹಾಕಿದ್ದೇನೆ, ಚಾಪ್ಟರ್ ಬರ್ತಿಲ್ಲ

ಕಾಮೆಂಟಿನಲ್ಲಿ 2:15 ಅಂತ ಬರೆದರೆ ಅದು ಒತ್ತಲು ಬರುತ್ತದೆ, ಅಲ್ಲಿಗೆ ಜಿಗಿಯುತ್ತದೆ. ಆದರೆ ವಿಡಿಯೋದ ಕೆಳಗಿನ ಪಟ್ಟಿ ತುಂಡುತುಂಡಾಗಿ ಚಾಪ್ಟರ್ ಆಗುವುದು ಡಿಸ್ಕ್ರಿಪ್ಷನ್‌ನಲ್ಲಿ ಬರೆದಾಗ ಮಾತ್ರ. ಮೊದಲ ಸಾಲು 0:00 ಆಗಿರಬೇಕು, ಕನಿಷ್ಠ ಮೂರು ಇರಬೇಕು, ಸಮಯ ಏರುತ್ತಾ ಹೋಗಬೇಕು, ಒಂದೊಂದು ತುಂಡೂ 10 ಸೆಕೆಂಡಿಗೆ ಕಡಿಮೆ ಇರಬಾರದು. ಕನ್ನಡ ಅಂಕಿಯಲ್ಲಿ ೨:೧೫ ಅಂತ ಬರೆಯಬೇಡಿ, ಇಂಗ್ಲಿಷ್ ಅಂಕಿಯೇ ಇರಲಿ.

ಎಲ್ಲ ಸರಿಯಿದೆ, ಆದರೂ ಯಾರೂ ಲಿಂಕ್ ಒತ್ತುತ್ತಿಲ್ಲ

ಮೊಬೈಲಿನಲ್ಲಿ ನಿಮ್ಮದೇ ವಿಡಿಯೋ ತೆರೆದು, ‘ಇನ್ನಷ್ಟು ಓದಿ’ ಒತ್ತದೆ, ಕಾಮೆಂಟಿನಲ್ಲಿ ಏನು ಕಾಣುತ್ತದೆ ನೋಡಿ. ಉದ್ದ ಕಾಮೆಂಟಾದರೆ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದು ಮಡಚಿಕೊಂಡಿರುತ್ತದೆ. ನಮ್ಮ ಅಡಿಕೆ ಚಾನೆಲ್‌ನ ಪಿನ್ ಹೀಗಿತ್ತು ಅಂದುಕೊಳ್ಳಿ: ಮೊದಲ ಸಾಲಿನಲ್ಲಿ ನಮಸ್ಕಾರ, ಎರಡನೆಯದರಲ್ಲಿ ಸಬ್‌ಸ್ಕ್ರೈಬ್ ಮಾಡಿ, ಆಮೇಲೆ ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಟೆಲಿಗ್ರಾಂ ಲಿಂಕ್, ಸ್ಪ್ರೇಯರ್ ಖರೀದಿ ಲಿಂಕ್, ಅದಾದ ಮೇಲೆ ಅಳತೆ ಪಟ್ಟಿ, ಕೊನೆಗೆ ಕೀವರ್ಡ್ ರಾಶಿ. ಜನ ಬಂದಿದ್ದೇ ಅಳತೆ ಪಟ್ಟಿಗೆ, ಅದು ಮಡಿಕೆಯೊಳಗೆ.

ಇದನ್ನೇ ಹೀಗೆ ಬರೆದು ನೋಡಿ:

```
100 ಲೀಟರಿಗೆ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ.
ಬೇರೆ ಅಳತೆಗಳ ಪಟ್ಟಿ:
https://example.com/bordo-patti?utm_source=youtube&utm_medium=pinned
ನಿಮ್ಮ ಕಡೆ ಮೊದಲ ಸಿಂಪಡಣೆ ಆಯ್ತಾ? ಊರು ಬರೆಯಿರಿ.
```

ಮೊದಲ ಸಾಲಿನಲ್ಲೇ ಉಪಯೋಗದ ಮಾತು, ನಂತರ ಒಂದೇ ಲಿಂಕ್, ಆಮೇಲೆ ಉತ್ತರಿಸಲು ಸುಲಭವಾದ ಒಂದು ಪ್ರಶ್ನೆ. ಪ್ರಶ್ನೆಯಿಂದ ಇನ್ನೊಂದು ಲಾಭವಿದೆ. ಉತ್ತರಿಸುವವರು ತಮ್ಮ ಮಾತಿನಲ್ಲೇ ‘ನಮ್ಮಲ್ಲಿ ಮಹಾಳಿ ಅಂತೀವಿ’ ಅಂತ ಬರೆಯುತ್ತಾರೆ, ಕೊಳೆರೋಗಕ್ಕೆ ಇನ್ನೊಂದು ಹೆಸರು ನಿಮಗೆ ಪುಕ್ಕಟೆ ಸಿಗುತ್ತದೆ, ಅದನ್ನು ಡಿಸ್ಕ್ರಿಪ್ಷನ್‌ಗೆ ಸೇರಿಸಬಹುದು. ಕೀವರ್ಡ್ ವಿಷಯದಲ್ಲಿ ಪಿನ್‌ನಿಂದ ಆಗುವ ನಿಜವಾದ ಸಹಾಯ ಇದೇ.

ಲಿಂಕಿನ ಕೊನೆಯ `utm_medium=pinned` ಯಾಕೆಂದರೆ, ಕಾಮೆಂಟಿನ ಲಿಂಕನ್ನು ಎಷ್ಟು ಜನ ಒತ್ತಿದರು ಅಂತ ತಿಳಿಯಲು ಇದೇ ನೇರ ದಾರಿ. ಡಿಸ್ಕ್ರಿಪ್ಷನ್‌ನಲ್ಲಿ ಇದೇ ಲಿಂಕನ್ನು `utm_medium=description` ಅಂತ ಹಾಕಿದರೆ ನಿಮ್ಮ ಜಾಲತಾಣದ ಅನಲಿಟಿಕ್ಸ್‌ನಲ್ಲಿ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಇದು ನಿಮ್ಮದೇ ಜಾಲತಾಣ ಇದ್ದರೆ ಮಾತ್ರ. ಡ್ರೈವ್ ಲಿಂಕಿಗೆ ಇದರಿಂದ ಉಪಯೋಗವಿಲ್ಲ.

ಸ್ಪ್ರೇಯರ್ ಲಿಂಕ್ ಹಾಕಲೇಬೇಕು, ಅದರಿಂದ ಕಮಿಷನ್ ಬರುತ್ತದೆ ಅನ್ನುವುದಾದರೆ ಲಿಂಕಿನ ಪಕ್ಕದಲ್ಲೇ ‘ಈ ಲಿಂಕಿಂದ ಕೊಂಡರೆ ನಮಗೆ ಕಮಿಷನ್ ಸಿಗುತ್ತದೆ’ ಅಂತ ಬರೆಯಿರಿ. ಮಡಿಕೆಯ ಒಳಗಲ್ಲ, ಹೊರಗೆ ಕಾಣುವ ಹಾಗೆ. ಕಂಪನಿಯೇ ದುಡ್ಡು ಕೊಟ್ಟಿದ್ದರೆ ವಿಡಿಯೋ ಸೆಟ್ಟಿಂಗ್‌ನಲ್ಲಿ ಹಣ ಪಡೆದ ಪ್ರಚಾರ ಅನ್ನುವ ಗುರುತನ್ನೂ ಹಾಕಬೇಕು.

ಇಲ್ಲಿ ಒಂದು ಎಚ್ಚರಿಕೆ, ಇದು ಯೂಟ್ಯೂಬ್ ನಿಯಮಕ್ಕಿಂತ ದೊಡ್ಡದು. ವಿಡಿಯೋದಲ್ಲಿ ಅಳತೆ ತಪ್ಪಾಗಿ ಹೇಳಿ, ‘ತಿದ್ದುಪಡಿ ಪಿನ್ ಕಾಮೆಂಟಿನಲ್ಲಿದೆ’ ಅಂತ ಬಿಟ್ಟುಬಿಡಬೇಡಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣದ್ದನ್ನು ಅದಕ್ಕಲ್ಲ. ಸುಣ್ಣ ಕಡಿಮೆಯಾದರೆ ಎಳೆಕಾಯಿ ಸುಡುತ್ತದೆ. ಇಂಥ ವಿಷಯದಲ್ಲಿ ಟಿವಿಯಲ್ಲಿ ನೋಡಿದ ರೈತನಿಗೆ ನಿಮ್ಮ ಪಿನ್ ತಲುಪದೇ ಇರಬಹುದು. ತಪ್ಪಿರುವ ಭಾಗವನ್ನು ಸ್ಟುಡಿಯೋದ ಎಡಿಟರಿನಲ್ಲಿ ಕತ್ತರಿಸಿ, ಅದಾಗದಿದ್ದರೆ ವಿಡಿಯೋ ತೆಗೆದು ಹೊಸದಾಗಿ ಹಾಕಿ. ವೀಕ್ಷಣೆ ಹೋಗುತ್ತದೆ ಅಂತ ನೋಡಬೇಡಿ.

ಪಿನ್ ಕೆಳಗೆ ವಿಚಿತ್ರ ಉತ್ತರಗಳು, ಅಥವಾ ನಾನು ಬರೆಯದ ಪಿನ್

ಪಿನ್ ಮಾಡಿದ ಕಾಮೆಂಟನ್ನು ಎಲ್ಲರೂ ಓದುತ್ತಾರೆ ಅಂತ ಮೋಸಗಾರರಿಗೂ ಗೊತ್ತು. ನಿಮ್ಮ ಚಾನೆಲ್‌ನ ಚಿತ್ರ, ಹೆಸರನ್ನೇ ಹಾಕಿಕೊಂಡು ‘ಟೆಲಿಗ್ರಾಂಗೆ ಬನ್ನಿ, ಬಹುಮಾನ ಗೆದ್ದಿದ್ದೀರಿ’ ಅಂತ ಅದರ ಕೆಳಗೆ ಉತ್ತರಿಸುತ್ತಾರೆ. ನಿಮ್ಮ ಸ್ವಂತ ಕಾಮೆಂಟಿನಲ್ಲಿ ಚಾನೆಲ್ ಹೆಸರಿಗೆ ಹಿಂದೆ ಬಣ್ಣದ ಪಟ್ಟಿ ಇರುತ್ತದೆ, ನಕಲಿಯದಕ್ಕೆ ಇರುವುದಿಲ್ಲ. ವರದಿ ಮಾಡಿ, ಆ ಖಾತೆಯನ್ನು ಚಾನೆಲ್‌ನಿಂದ ಮರೆಮಾಡಿ, ಸ್ಟುಡಿಯೋದ ಕಮ್ಯುನಿಟಿ ಸೆಟ್ಟಿಂಗ್‌ನಲ್ಲಿ Block links ಹಾಕಿ. ‘ಟೆಲಿಗ್ರಾಂ’, `telegram` ಎರಡನ್ನೂ ತಡೆಯುವ ಪದಗಳ ಪಟ್ಟಿಗೆ ಸೇರಿಸಿ, ಕನ್ನಡ ಲಿಪಿಯದ್ದು ಬೇರೆ, ಇಂಗ್ಲಿಷ್ ಲಿಪಿಯದ್ದು ಬೇರೆ.

ನಿಮ್ಮ ಚಾನೆಲ್ ಹೆಸರಿನಲ್ಲೇ ನೀವು ಬರೆಯದ ಪಿನ್ ಕಂಡರೆ ಅದು ಬೇರೆ ಮಟ್ಟದ ತೊಂದರೆ. ಇಲ್ಲಿಗೆ ನಿಲ್ಲಿಸಿ, ಆ ಲಿಂಕ್ ಒತ್ತಬೇಡಿ, ಕಾಮೆಂಟ್ ತಿದ್ದುತ್ತಾ ಕೂರಬೇಡಿ. ಚಾನೆಲ್ ನೋಡಿಕೊಳ್ಳುವ ಬೇರೆಯವರು ಹಾಕಿದ್ದಾರಾ ಫೋನ್ ಮಾಡಿ ಕೇಳಿ. ಅಲ್ಲ ಅಂದರೆ ಖಾತೆ ಬೇರೆಯವರ ಕೈಯಲ್ಲಿದೆ. ಪ್ರಾಯೋಜಕರ ಹೆಸರಿನಲ್ಲಿ ಬಂದ ಮೇಲ್‌ನಿಂದ ಏನನ್ನಾದರೂ ಇಳಿಸಿ ಇನ್‌ಸ್ಟಾಲ್ ಮಾಡಿದ್ದರೆ ಬ್ರೌಸರಿನ ಲಾಗಿನ್ ಮಾಹಿತಿಯೇ ಕಳುವಾಗಿರಬಹುದು, ಆಗ ಎರಡು ಹಂತದ ದೃಢೀಕರಣ ಇದ್ದರೂ ಕಳ್ಳ ಒಳಗೆ ಬರುತ್ತಾನೆ. ಆ ಕಂಪ್ಯೂಟರ್ ಬಿಟ್ಟು ಬೇರೆ ಸಾಧನದಿಂದ ಗೂಗಲ್ ಖಾತೆಗೆ ಹೋಗಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿ. ಲಾಗಿನ್ ಆಗಲು ಬರದಿದ್ದರೆ ಗೂಗಲ್‌ನ ಖಾತೆ ಮರಳಿ ಪಡೆಯುವ ಪುಟ, ಆಮೇಲೆ ಎಕ್ಸ್‌ನಲ್ಲಿ @TeamYouTube. ಅಲ್ಲಿ ನೀವು ಬರೆದ ಕೂಡಲೇ ‘ನಾನು ರಿಕವರಿ ಮಾಡಿಕೊಡ್ತೇನೆ’ ಅನ್ನುವವರು ಮುತ್ತಿಕೊಳ್ಳುತ್ತಾರೆ. ಯಾರಿಗೂ ಒಟಿಪಿ ಕೊಡಬೇಡಿ, ದುಡ್ಡೂ ಕೊಡಬೇಡಿ.

ಕೊನೆಯದು, ಲಿಂಕ್ ಬಗ್ಗೆ ಯೂಟ್ಯೂಬ್‌ನಿಂದ ಎಚ್ಚರಿಕೆ ಬಂದಾಗ. ಹೊರಗಿನ ಲಿಂಕ್‌ಗಳ ನಿಯಮ ವಿಡಿಯೋ, ಡಿಸ್ಕ್ರಿಪ್ಷನ್‌ಗೆ ಹೇಗೋ ಪಿನ್ ಮಾಡಿದ ಕಾಮೆಂಟಿಗೂ ಹಾಗೆಯೇ. ‘ನನ್ನದು ಒಳ್ಳೆಯ ಲಿಂಕೇ’ ಅಂತ ಅನ್ನಿಸಿದರೂ ಈಗ ಒಮ್ಮೆ ತೆರೆದು ನೋಡಿ. ಹಳೆಯ ವಿಡಿಯೋದಲ್ಲಿ ಹಾಕಿದ್ದ ಡೊಮೇನ್ ನವೀಕರಿಸದೆ ಬಿಟ್ಟಿದ್ದರೆ ಅದನ್ನು ಬೇರೆ ಯಾರೋ ಕೊಂಡು ಬೆಟ್ಟಿಂಗ್ ಪುಟ ನಡೆಸುತ್ತಿರಬಹುದು. ಲಿಂಕ್ ಕುಗ್ಗಿಸುವ ಸೇವೆ ಬಳಸಿದ್ದರೆ ಅದು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ಒಂದೇ ಪಠ್ಯವನ್ನು ಎಲ್ಲ ವಿಡಿಯೋಗಳಿಗೂ ಒಂದೇ ದಿನ ಅಂಟಿಸಿದ್ದರೆ, ಸ್ಪ್ಯಾಮ್ ಅಂತ ಹಿಡಿಯುವುದು ಅದನ್ನೇ.

ಮೊದಲ ಸಲ ಸಾಮಾನ್ಯವಾಗಿ ಎಚ್ಚರಿಕೆಯಷ್ಟೇ ಕೊಡುತ್ತಾರೆ. ಅದರ ನಂತರ ಸ್ಟ್ರೈಕ್ ಶುರು, 90 ದಿನದೊಳಗೆ ಮೂರಾದರೆ ಚಾನೆಲ್ ಹೋಗುತ್ತದೆ. ಲಿಂಕ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ತೆಗೆಯಿರಿ, ಆದರೆ ತೆಗೆಯುವ ಮೊದಲು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತಪ್ಪು ನಿಮ್ಮದಲ್ಲ ಅನ್ನಿಸಿದರೆ ಸ್ಟುಡಿಯೋದಲ್ಲೇ ಮೇಲ್ಮನವಿ ಸಲ್ಲಿಸುವ ಆಯ್ಕೆ ಇರುತ್ತದೆ. ಲಿಂಕ್ ಯಾವುದು, ಅದು ಎಲ್ಲಿಗೆ ಹೋಗುತ್ತದೆ, ಯಾವತ್ತು ತೆಗೆದಿರಿ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಉತ್ತರ ಬರುವ ತನಕ ಯಾವ ವಿಡಿಯೋಗೂ ಹೊಸ ಹೊರಗಿನ ಲಿಂಕ್ ಪಿನ್ ಮಾಡಬೇಡಿ.